ನಾಲ್ಕು ಉಳಿಯಿತು, ಹದಿನಾಲ್ಕು ಹೋಯಿತು

"ಮಾನ್ಯ ಸಂಪಾದಕರೇ, ಸುಂಕ ಒಕ್ಕೂಟದ ಬಗ್ಗೆ ಲೇಖನ ಕಳುಹಿಸಿದ್ದೇನೆ. ನನ್ನ ಉದಾಹರಣೆಯಲ್ಲಿ ಒಂದು ಜೊತೆ ಬೂಟಿನ ತಯಾರಿಕೆಗೆ 'ಅ' ದೇಶದಲ್ಲಿ 100, 'ಬ' ದೇಶದಲ್ಲಿ 80, 'ಕ' ದೇಶದಲ್ಲಿ 70 ತಗಲುತ್ತದೆ. 'ಅ' ದೇಶದ ಆಮದು ಸುಂಕ ಶೇ 20; ಅದು ಸೇರಿ 'ಕ' ಬೂಟು 84, 'ಬ' ಬೂಟು 96. 'ಬ' ಜೊತೆ ಒಕ್ಕೂಟವಾಗಿ ಪರಸ್ಪರ ಸುಂಕ ತೆಗೆದ ಮೇಲೆ ಬೂಟಿನ ಬೆಲೆ 84ರಿಂದ 80ಕ್ಕೆ ಇಳಿಯುತ್ತದೆ. ಇದು ವ್ಯಾಪಾರ ಸೃಷ್ಟಿ, ದೇಶಕ್ಕೆ ಲಾಭ ಎಂದು ಬರೆದಿದ್ದೇನೆ. ಪ್ರಕಟಿಸುವಿರಾ?"

ಈ ರೂಪದಲ್ಲಿ ಪ್ರಕಟಿಸಲಾರೆ. ನಿಮ್ಮ ಬರವಣಿಗೆ ಸರಾಗವಾಗಿದೆ. ಲೆಕ್ಕ ಮಾತ್ರ ಅರ್ಧಕ್ಕೇ ನಿಂತಿದೆ.

ಒಕ್ಕೂಟಕ್ಕೆ ಮುಂಚೆ ಕೊಳ್ಳುವವರು ತೆತ್ತ 84ರಲ್ಲಿ 'ಕ' ದೇಶಕ್ಕೆ ಹೋದದ್ದು 70. ಉಳಿದ 14 'ಅ' ದೇಶದ ಬೊಕ್ಕಸಕ್ಕೇ ಬಂತು. ಒಕ್ಕೂಟವಾದ ಮೇಲೆ 'ಬ' ದೇಶದ ಬೂಟಿಗೆ ಸುಂಕವಿಲ್ಲ; ಪೂರ್ತಿ 80 ಹೊರದೇಶಕ್ಕೆ ಹೋಗುತ್ತದೆ. ಈ 14 ನಿಮ್ಮ ಲೇಖನದಲ್ಲಿ ಎಲ್ಲಿಯೂ ಇಲ್ಲ.

ಮೊದಲು 1000 ಜೊತೆ ಆಮದಾಗುತ್ತಿತ್ತು, ಬೆಲೆ ಇಳಿದ ಮೇಲೆ 1100 ಆಯಿತು ಎನ್ನಿ. ಹಳೆಯ 1000 ಜೊತೆಗಳ ಮೇಲೆ ಗ್ರಾಹಕರಿಗೆ 4000 ಉಳಿಯಿತು. ಹೊಸ 100 ಜೊತೆಗಳ ಮೇಲೆ ಸರಾಸರಿ 2ರಂತೆ 200 ಸೇರಿಸಿ, ಏಕೆಂದರೆ ಹೊಸಬರಲ್ಲಿ ಮೊದಲ ಗ್ರಾಹಕನಿಗೆ ಬೂಟಿನ ಮೌಲ್ಯ 84ರ ಹತ್ತಿರ, ಕೊನೆಯವನಿಗೆ 80 ಮಾತ್ರ. ಒಟ್ಟು ಲಾಭ 4200, ಬೊಕ್ಕಸದ ನಷ್ಟ 14,000. ದೇಶ 9800 ಕಳೆದುಕೊಂಡಿತು. ಅಗ್ಗದ ಉತ್ಪಾದಕನನ್ನು ಬಿಟ್ಟು ದುಬಾರಿ ಉತ್ಪಾದಕನ ಕಡೆಗೆ ಖರೀದಿ ಹೊರಳಿದ್ದರಿಂದ ಇದು ವ್ಯಾಪಾರ ಪಲ್ಲಟ. ಸೃಷ್ಟಿಗೂ ಪಲ್ಲಟಕ್ಕೂ ನಡುವೆ 1950ರಲ್ಲಿ ಅರ್ಥಶಾಸ್ತ್ರಜ್ಞ ಜೇಕಬ್ ವೈನರ್ ಎತ್ತಿ ತೋರಿಸಿದ ವ್ಯತ್ಯಾಸ ಇದೇ. ಬೇಡಿಕೆ ಹೆಚ್ಚಿ ಈ ನಷ್ಟ ತುಂಬೀತೇ ಎಂದು ನೀವು ಕೇಳಬಹುದು. ತುಂಬಬಹುದು, ಆದರೆ ಇದೇ ಲೆಕ್ಕದಲ್ಲಿ ಆಮದು 6000 ಜೊತೆ ಮುಟ್ಟಬೇಕು!

ವ್ಯಾಪಾರ ಸೃಷ್ಟಿಯನ್ನೇ, ಅಂದರೆ ದುಬಾರಿ ಸ್ವದೇಶಿ ಉತ್ಪಾದನೆಯ ಜಾಗಕ್ಕೆ ಅಗ್ಗದ ಆಮದು ಬರುವುದನ್ನೇ, ತೋರಿಸಬೇಕಿದ್ದರೆ ಸುಂಕವನ್ನು ಶೇ 50 ಮಾಡಿ. ಆಗ 'ಕ' ಬೂಟು 105, 'ಬ' ಬೂಟು 120. ಜನ 100 ಕೊಟ್ಟು ಸ್ವದೇಶಿ ಬೂಟನ್ನೇ ಕೊಳ್ಳುತ್ತಾರೆ. ಆಮದಿಲ್ಲ, ಸುಂಕದ ವರಮಾನವೂ ಇಲ್ಲ. ಒಕ್ಕೂಟವಾದಾಗ 100ರ ಉತ್ಪಾದನೆಯ ಜಾಗಕ್ಕೆ 80ರದು ಬರುತ್ತದೆ, ಬೊಕ್ಕಸ ಏನನ್ನೂ ಕಳೆದುಕೊಳ್ಳುವುದಿಲ್ಲ. ದೇಶಗಳು ಅವೇ, ವೆಚ್ಚಗಳೂ ಅವೇ. ಹಳೆಯ ಸುಂಕ ಬದಲಾದದ್ದಕ್ಕೇ ಫಲಿತಾಂಶ ತಿರುಗಿತು. (ಸ್ವದೇಶಿ ಕಾರ್ಮಿಕರಿಗೆ ಬೇರೆ ಕೆಲಸ ಸಿಗುತ್ತದೆ ಎಂಬ ಊಹೆ ಇದರೊಳಗಿದೆ. ಅದನ್ನು ಓದುಗರಿಗೆ ಹೇಳಿಬಿಡಿ.)

ಇನ್ನೊಂದು ಕೊರತೆ. ಸುಂಕ ಒಕ್ಕೂಟವೆಂದರೆ ಸದಸ್ಯರ ನಡುವೆ ಸುಂಕ ತೆಗೆಯುವುದಷ್ಟೇ ಅಲ್ಲ, ಹೊರಗಿನವರಿಗೆ ಎಲ್ಲರೂ ಒಂದೇ ಸುಂಕ ಹಾಕುವುದು. ಆ ದರ ಎಷ್ಟೆಂದು ನೀವು ಬರೆದೇ ಇಲ್ಲ. ಅದು ಶೇ 10 ಆಗಿದ್ದರೆ 'ಕ' ಬೂಟು 77ಕ್ಕೆ ಸಿಗುತ್ತದೆ, 80ರ 'ಬ' ಬೂಟನ್ನು ಯಾರೂ ಕೇಳುವುದಿಲ್ಲ, ಪಲ್ಲಟವೂ ಆಗುವುದಿಲ್ಲ. ಸುಮಾರು ಶೇ 14 ದಾಟಿದ ಮೇಲಷ್ಟೇ ನಿಮ್ಮ ಉದಾಹರಣೆ ನಡೆಯುತ್ತದೆ.

ಕೋಷ್ಟಕದಲ್ಲಿ ಸುಂಕದ ವರಮಾನಕ್ಕೊಂದು ಕಾಲಂ ಸೇರಿಸಿ, ಸಮಾನ ಸುಂಕದ ದರ ನಮೂದಿಸಿ, ಶೀರ್ಷಿಕೆಯಲ್ಲಿರುವ 'ಲಾಭ'ವನ್ನು ತೆಗೆದು ಮತ್ತೆ ಕಳುಹಿಸಿ.