ಡಬ್ಬಿಯ ದುಡ್ಡು ಯಾರದು?

ತಿಂಗಳಿಗೆ ಕೊಡುವ 500 ರೂಪಾಯಿ ಪಾಕೆಟ್ ಮನಿಯನ್ನು ಮಗಳು ವಾರದಲ್ಲೇ ಮುಗಿಸುತ್ತಾಳೆ ಎಂದು ತಂದೆತಾಯಿ ಸಲಹೆಗೆಂದು ನನ್ನ ಬಳಿ ಕರೆತಂದಿದ್ದರು. ಹುಡುಗಿಗೆ 15 ವರ್ಷ. ತಾಯಿ ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟುತ್ತಾರೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಎರಡನೇ ಭೇಟಿಯಲ್ಲಿ, ಮೊದಲು ಉಳಿಸುತ್ತಿದ್ದವಳು ಈಗೇಕೆ ನಿಲ್ಲಿಸಿದೆ ಎಂದು ಕೇಳಿದೆ. "ಡಬ್ಬೀಲಿಟ್ರೆ ಅದು ಅಮ್ಮಂದಾಗುತ್ತೆ ಮೇಡಂ. ಖರ್ಚು ಮಾಡಿದ್ರೆ ಮಾತ್ರ ನಂದು" ಎಂದಳು. ಗ್ಯಾಸ್ ಸಿಲಿಂಡರ್ ಬಂದ ದಿನ ತಾಯಿ ಅವಳ ಡಬ್ಬಿಯಿಂದ 900 ರೂಪಾಯಿ ತೆಗೆದಿದ್ದರು. "ಮನೆಗೇ ತಾನೇ ಹಾಕಿದ್ದು?" ಎಂದು ತಾಯಿ ನೊಂದುಕೊಂಡರು. ಅದು ಕಳ್ಳತನವಲ್ಲ ನಿಜ, ಆದರೆ ಹೇಳದೆ ಮಾಡಿದ ಸಾಲ. ಈ ಪ್ರಕರಣ ನನ್ನ ಬಳಿ ಹೊಸದೇನಲ್ಲ, ಡಬ್ಬಿಯ ಬಣ್ಣ ಮಾತ್ರ ಬೇರೆ.

ಹಾಗಾಗಿ ಮೊದಲ ಸಲಹೆ ಮಗಳಿಗಲ್ಲ, ತಾಯಿಗೆ: 300ರಂತೆ ಮೂರು ಕಂತಿನಲ್ಲಿ ತೀರಿಸಿ, ಪ್ರತಿ ಕಂತಿಗೂ ಪುಸ್ತಕದಲ್ಲಿ ಇಬ್ಬರೂ ಸಹಿ ಹಾಕಿ.

ಅಂಚೆ ಕಚೇರಿಯಲ್ಲಿ ಆರ್‌ಡಿ ಮಾಡಿಸೋಣ ಎಂದರು ತಂದೆ. ತಿಂಗಳಿಗೆ 100 ರೂಪಾಯಿ ಸಾಕು, ಹತ್ತು ತುಂಬಿದ ಮಕ್ಕಳು ತಮ್ಮ ಹೆಸರಲ್ಲೇ ತೆರೆಯಬಹುದು. ಆದರೆ ಅದು ಐದು ವರ್ಷದ ಖಾತೆ, ಮೂರು ವರ್ಷದೊಳಗೆ ಮುಚ್ಚಲಾಗದು. ಕೈಯಲ್ಲಿದ್ದ ದುಡ್ಡೇ ತನ್ನದಲ್ಲ ಎಂದುಕೊಂಡವಳಿಗೆ ಇದೂ ಇನ್ನೊಂದು ಡಬ್ಬಿಯೇ. ನಂತರ ಮಾಡಿ ಎಂದೆ.

ಬದಲಿಗೆ ಸಾಲ ತೀರಿದ ಮೇಲೆ ಅವಳು ತಾಯಿಯ ಕುಚ್ಚಿನ ಕೆಲಸಕ್ಕೆ 600 ಹಾಕಿದಳು. ಎಂಟು ಸೀರೆಗೆ ಬೇಕಾಗುವ ರೇಷ್ಮೆ ದಾರ, ಮಣಿ ಅದರಲ್ಲಿ ಬಂತು, ಸೀರೆಗೆ 75ರಂತೆ. ಕುಚ್ಚಿನ ದರ 300. ಇಲ್ಲೇ ಮನೆಮಂದಿ ಎಡವುವುದು: ದರದಲ್ಲಿ ದಾರದ ಖರ್ಚು ಕಳೆದು 225 ಲಾಭ ಎಂದುಬಿಡುತ್ತಾರೆ. ಅಮ್ಮನ ಬೆರಳಿಗೆ ಕೂಲಿಯೇ ಇಲ್ಲವೇ? ಸೀರೆಗೆ 175 ಕೂಲಿ ಬರೆಸಿದೆ. ಉಳಿದದ್ದು 50, ಇಬ್ಬರಿಗೂ ಅರ್ಧರ್ಧ. ಎಂಟು ಸೀರೆ ಮುಗಿದಾಗ ಮಗಳಿಗೆ ಅಸಲು 600, ಲಾಭ 200 ಬರಬೇಕು.

ಬಂದದ್ದು ಬೇರೆ. ಪಕ್ಕದ ಬೀದಿಯ ಒಬ್ಬರು ಸೀರೆ ಒಯ್ದು "ಮುಂದಿನ ತಿಂಗಳು ಕೊಡ್ತೀನಿ" ಎಂದರು. ಏಳು ಸೀರೆಯಿಂದ 2,100 ಬಂತು. ದಾರ ಮಣಿಗೆ 600, ಎಂಟು ಸೀರೆಯ ಕೂಲಿ 1,400 ಕಳೆದರೆ ಮಿಕ್ಕಿದ್ದು ನೂರು, ಅವಳ ಪಾಲು 50. ತಂದೆ ಜೇಬಿನಿಂದ 150 ತುಂಬಿಕೊಡಲು ಹೊರಟರು, ಬೇಡವೆಂದೆ. ನಿಷ್ಠುರಳೆನಿಸಿರಬಹುದು, ಇರಲಿ. ಅಪ್ಪ ತುಂಬಿಕೊಟ್ಟಿದ್ದರೆ ಬಾಕಿ ಎಂಬ ಪದಕ್ಕೆ ಅವಳಲ್ಲಿ ಅರ್ಥವೇ ಇರುತ್ತಿರಲಿಲ್ಲ.

ಮುಂದಿನ ಭೇಟಿಗೆ ಪುಸ್ತಕ ತಂದಿದ್ದಳು. ಕೊನೆಯ ಸಾಲು: "ಬರಬೇಕಾದ್ದು 300. ಭಾನುವಾರ ನಾನೇ ಹೋಗಿ ಕೇಳೋದು. ಇನ್ಮೇಲೆ ಸೀರೆ ಕೊಡೋಕೆ ಮುಂಚೆ ಅರ್ಧ ಅಡ್ವಾನ್ಸ್."