ಆಫರ್ ವಾಪಸ್ ಪಡೆಯುವ ಮೇಲ್: ಒಂದು ಪ್ರಕರಣ

(ಹೆಸರು ಮತ್ತು ಗುರುತಿನ ವಿವರಗಳನ್ನು ಬದಲಿಸಲಾಗಿದೆ.)

ಸುಮಾ ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಸಾಫ್ಟ್‌ವೇರ್ ಕಂಪನಿಯ ಎಚ್‌ಆರ್. ನಿದ್ದೆ ಬರ್ತಿಲ್ಲ ಎಂದು ನನ್ನ ಹತ್ತಿರ ಬಂದಿದ್ದರು. ವಿಚಾರಿಸಿದರೆ ಕಾರಣ ಅವರ ಡ್ರಾಫ್ಟ್ ಫೋಲ್ಡರಿನಲ್ಲಿ ಕೂತಿದ್ದ ಒಂದು ಮೇಲ್. ಕಿರಣ್ ಎಂಬ ಹುಡುಗನಿಗೆ ಕೊಟ್ಟ ಕೆಲಸದ ಆಫರ್ ವಾಪಸ್ ಪಡೆಯಬೇಕಿತ್ತು. ಹಿಂದಿನ ಕೆಲಸದ ವಿವರ ಪರಿಶೀಲಿಸುವ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ವರದಿ ಕೆಂಪು ಬಂದಿತ್ತು, ಅಂದರೆ ಏನೋ ತಕರಾರಿದೆ ಎಂದು. ಅವನು ಹಳೆ ಕಂಪನಿಗೆ ಆಗಲೇ ರಾಜೀನಾಮೆ ಕೊಟ್ಟು ನೋಟಿಸ್ ಪೀರಿಯಡ್‌ನಲ್ಲಿದ್ದ. ಕೊನೆಯ ದಿನಕ್ಕೆ ಹದಿನೈದು ದಿನ ಉಳಿದಿತ್ತು.

ಮ್ಯಾನೇಜರ್ ಹೇಳಿಕೊಟ್ಟಂತೆ ಅವರು ಇಂಗ್ಲಿಷ್‌ನಲ್ಲಿ ಬರೆದಿದ್ದ ಮೇಲಿನ ಸಾರ ಇಷ್ಟು: ‘ನೀವು ನಕಲಿ ದಾಖಲೆ ಕೊಟ್ಟು ಕಂಪನಿಗೆ ಮೋಸ ಮಾಡಿದ್ದೀರಿ. ಆಫರ್ ರದ್ದು ಮಾಡಲಾಗಿದೆ. ಮುಂದೆ ಸಂಪರ್ಕಿಸಬೇಡಿ.’

ನಾನು ಮೊದಲು ಕೇಳಿದ್ದು, "ವರದಿಯಲ್ಲಿ ನಿಜವಾಗಿ ಏನು ಬರೆದಿದೆ?" ಅಂತ. ಸುಮಾ ಫೋನ್ ತೆಗೆದು ಓದಿದರು. ಕಿರಣ್ ತನ್ನ ಮೊದಲ ಕೆಲಸ 2020ರ ಮಾರ್ಚ್‌ನಿಂದ 2022ರ ಜೂನ್‌ವರೆಗೆ, ಅಂದರೆ 28 ತಿಂಗಳು ಎಂದು ತೋರಿಸಿದ್ದ. ಆ ಕಂಪನಿಯ ಎಚ್‌ಆರ್ ಕೊಟ್ಟ ಉತ್ತರ: ‘ಈ ಹೆಸರಿನ ಉದ್ಯೋಗಿ ನಮ್ಮ ದಾಖಲೆಯಲ್ಲಿಲ್ಲ.’ ಅಷ್ಟೇ. ನಕಲಿ ಅನ್ನೋ ಮಾತು ವರದಿಯಲ್ಲಿ ಎಲ್ಲೂ ಇರಲಿಲ್ಲ.

ನಾನು ಸಲಹೆ ಕೊಡುವ ಈ ಕೆಲಸಕ್ಕೆ ಬರುವ ಮೊದಲು ವರ್ಷಗಟ್ಟಲೆ ಎಚ್‌ಆರ್‌ನಲ್ಲೇ ಇದ್ದವಳು. ‘ದಾಖಲೆಯಲ್ಲಿಲ್ಲ’ ಎಂಬ ಉತ್ತರ ಬಂದಾಗ ಬಹಳ ಸಲ ಹಿಂದೆ ಇರುವುದು ಗುತ್ತಿಗೆ ಕೆಲಸ. ಹುಡುಗ ಕೂತು ಕೆಲಸ ಮಾಡಿದ್ದು ಆ ಕಂಪನಿಯ ಕಟ್ಟಡದಲ್ಲೇ, ಸಂಬಳ ಕೊಟ್ಟಿದ್ದು ಮಾತ್ರ ಸ್ಟಾಫಿಂಗ್ ಏಜೆನ್ಸಿ. ಕಂಪನಿಯ ಪೇರೋಲ್ ಪಟ್ಟಿಯಲ್ಲಿ ಹೆಸರು ಹುಡುಕಿದರೆ ಎಲ್ಲಿ ಸಿಗುತ್ತದೆ? ಉತ್ತರ ಕೊಟ್ಟವರು ಹೊಸಬರೂ ಇರಬಹುದು. ‘ಪರಿಶೀಲಿಸಲು ಆಗಲಿಲ್ಲ’ ಎನ್ನುವುದು ಬೇರೆ, ‘ಹೇಳಿದ್ದಕ್ಕೂ ಸಿಕ್ಕಿದ್ದಕ್ಕೂ ತಾಳೆಯಾಗಲಿಲ್ಲ’ ಎನ್ನುವುದು ಬೇರೆ. ಮೊದಲನೆಯದನ್ನು ಹಿಡಿದು ಯಾರ ಕೆಲಸವನ್ನೂ ಕೀಳಬಾರದು.

ಹಾಗಾಗಿ ಆ ಮೇಲ್ ಕಳಿಸುವುದನ್ನು ನಿಲ್ಲಿಸಿ, ಅವನನ್ನೇ ಕೇಳಿ ಅಂದೆ. ಕೇಳುವುದಕ್ಕೂ ಒಂದು ರೀತಿ ಇದೆ. ‘ನಿಮ್ಮ ಬಗ್ಗೆ ಕೆಟ್ಟ ವರದಿ ಬಂದಿದೆ’ ಅಂದರೆ ಎದುರಿನವರು ಹೆದರಿ ಬಾಯಿಗೆ ಬಂದದ್ದು ಹೇಳುತ್ತಾರೆ. ಯಾವ ಕಂಪನಿ, ಯಾವ ಅವಧಿ, ಅಲ್ಲಿಂದ ಬಂದ ಉತ್ತರ ಏನು, ಏನು ತೋರಿಸಿದರೆ ಅನುಮಾನ ಬಗೆಹರಿಯುತ್ತದೆ ಎಂದು ಬಿಡಿಸಿ ಹೇಳಬೇಕು. ತೋರಿಸಲು ಸುಲಭವಾದದ್ದು ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ಪೋರ್ಟಲ್‌ನಲ್ಲಿ ತನ್ನ ಪಿಎಫ್ ಸಂಖ್ಯೆಯಾದ ಯುಎಎನ್‌ನಿಂದ ಲಾಗಿನ್ ಆದರೆ ಸಿಗುವ ಸರ್ವೀಸ್ ಹಿಸ್ಟರಿ. ಯಾವ ಸಂಸ್ಥೆ ಪಿಎಫ್ ಕಟ್ಟಿತು, ಯಾವಾಗ ಸೇರಿದ್ದು, ಯಾವಾಗ ಬಿಟ್ಟಿದ್ದು ಎಲ್ಲ ಅದರಲ್ಲಿರುತ್ತದೆ. ಪಿಎಫ್ ಇಲ್ಲದ ಕೆಲಸವಾಗಿದ್ದರೆ ಆಗಿನ ಸಂಬಳದ ಬ್ಯಾಂಕ್ ಸ್ಟೇಟ್‌ಮೆಂಟ್ ಸಾಕು. ಉತ್ತರಕ್ಕೆ ಐದು ಕೆಲಸದ ದಿನ ಕೊಡಿ ಅಂದೆ. ನೋಟಿಸ್ ಪೀರಿಯಡ್ ಓಡುತ್ತಿತ್ತಲ್ಲ, ಅದಕ್ಕಿಂತ ಜಾಸ್ತಿ ಎಳೆಯುವುದೂ ಅವನಿಗೇ ನಷ್ಟ.

ಕಿರಣ್ ಮೂರನೇ ದಿನವೇ ಸರ್ವೀಸ್ ಹಿಸ್ಟರಿ ಕಳಿಸಿದ. ಒಂದು ಸ್ಟಾಫಿಂಗ್ ಏಜೆನ್ಸಿಯ ಹೆಸರು ಅದರಲ್ಲಿತ್ತು. ಆದರೆ 2021ರ ಜುಲೈಯಿಂದ 2022ರ ಜೂನ್‌ವರೆಗೆ, 12 ತಿಂಗಳು ಮಾತ್ರ. ಉಳಿದ 16 ತಿಂಗಳು? ಸುಮಾ ಫೋನ್ ಮಾಡಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದನಂತೆ: "ಮೇಡಂ, ಲಾಕ್‌ಡೌನ್ ಟೈಮಲ್ಲಿ ಊರಲ್ಲಿದ್ದೆ. ಗ್ಯಾಪ್ ಇದ್ರೆ ಯಾರೂ ಕರೆಯಲ್ಲ ಅಂತ ಒಬ್ರು ಕನ್ಸಲ್ಟೆನ್ಸಿಯವರು ಎಕ್ಸ್‌ಪೀರಿಯೆನ್ಸ್ ಲೆಟರ್ ಮಾಡಿಕೊಟ್ರು."

ಇಲ್ಲಿ ಸುಮಾಗೆ ಮರುಕ ಬಂತು. ನನಗೂ ಬಂತು. ಆದರೂ ತೀರ್ಮಾನ ಬದಲಾಗಲಿಲ್ಲ. ಆ ಹುದ್ದೆಗೆ ಕನಿಷ್ಠ 4 ವರ್ಷದ ಅನುಭವ ಕೇಳಿದ್ದರು. ಕಾಗದದ ಮೇಲೆ ಅವನಿಗೆ 4 ವರ್ಷ 4 ತಿಂಗಳಿತ್ತು, ನಿಜಕ್ಕೆ 3 ವರ್ಷ. ಸೇರಿದ ತಾರೀಖು ಹದಿನೈದು ದಿನ ಆಚೀಚೆ ಆಗಿದ್ದರೆ, ಗುತ್ತಿಗೆಯನ್ನು ಕಾಯಂ ಎಂದು ಬರೆದಿದ್ದರೆ, ತಿದ್ದಿಸಿಕೊಂಡು ಮುಂದೆ ಹೋಗಿ ಅನ್ನುತ್ತಿದ್ದೆ. ಇಲ್ಲಿ ಅರ್ಹತೆಯೇ ಆ ಪತ್ರದ ಮೇಲೆ ನಿಂತಿತ್ತು. ಇನ್ನೊಂದು ಪ್ರಶ್ನೆಯನ್ನೂ ಕೇಳಿದೆ: ಇದೇ ತಪ್ಪಿಗೆ ಹಿಂದೆ ಯಾರನ್ನಾದರೂ ಹೋಗಲಿ ಎಂದು ಬಿಟ್ಟಿದ್ದೀರಾ? ಇಲ್ಲ ಎಂದರು. ಬಿಟ್ಟಿದ್ದರೆ ಇವನಿಗೊಬ್ಬನಿಗೆ ಆಫರ್ ತಪ್ಪಿಸುವುದು ನ್ಯಾಯ ಅನ್ನಿಸಿಕೊಳ್ಳುತ್ತಿರಲಿಲ್ಲ.

ಆಮೇಲೆ ಮೇಲ್ ಬರೆಯಲು ಕೂತೆವು. ಆಫರ್ ಒಪ್ಪಿಕೊಂಡಾದ ಮೇಲೆ ಅದು ಬರೀ ಮಾತಲ್ಲ, ಒಪ್ಪಂದ. ಹಿಂದೆ ಸರಿಯಲು ಆಧಾರ ಬೇಕು. ಆಫರ್ ಲೆಟರ್‌ನ ಒಂದು ಷರತ್ತಿನಲ್ಲಿ ‘ಈ ಆಫರ್ ದಾಖಲೆಗಳ ಪರಿಶೀಲನೆಗೆ ಒಳಪಟ್ಟಿದೆ’ ಎಂದಿತ್ತು. ಆ ಸಾಲು ಇಲ್ಲದಿದ್ದರೆ ಮೊದಲು ವಕೀಲರ ಹತ್ತಿರ ಹೋಗಬೇಕಾಗುತ್ತಿತ್ತು. ಕೊನೆಗೆ ನಿಂತ ಪಠ್ಯ ಹೀಗಿತ್ತು:

‘ನಿಮ್ಮೊಂದಿಗೆ ಇಂದು ಫೋನಿನಲ್ಲಿ ಮಾತಾಡಿದಂತೆ, ನಿಮಗೆ ನೀಡಿದ್ದ ಆಫರನ್ನು ಕಂಪನಿ ಹಿಂಪಡೆಯುತ್ತಿದೆ. ಅರ್ಜಿಯಲ್ಲಿ ಮೊದಲ ಉದ್ಯೋಗದ ಅವಧಿ 28 ತಿಂಗಳು ಎಂದಿದೆ. ನೀವು ಒದಗಿಸಿದ ಸರ್ವೀಸ್ ಹಿಸ್ಟರಿಯಲ್ಲಿ 12 ತಿಂಗಳು ಎಂದಿದೆ. ನಿಮ್ಮ ವಿವರಣೆಯನ್ನು ಪರಿಗಣಿಸಿದ್ದೇವೆ. ಹುದ್ದೆಗೆ ಬೇಕಾದ ಅನುಭವ ಇದರಿಂದ ಪೂರ್ಣವಾಗುವುದಿಲ್ಲ, ಮತ್ತು ಸಲ್ಲಿಸಿದ ಅನುಭವ ಪತ್ರವನ್ನು ಅದರಲ್ಲಿ ಹೆಸರಿರುವ ಸಂಸ್ಥೆ ದೃಢಪಡಿಸಿಲ್ಲ. ಆದ್ದರಿಂದ ಆಫರ್ ಲೆಟರ್‌ನ ಪರಿಶೀಲನಾ ಷರತ್ತಿನಂತೆ ಈ ನಿರ್ಧಾರ ತೆಗೆದುಕೊಂಡಿದ್ದೇವೆ. ವರದಿಯ ಈ ಭಾಗದ ಪ್ರತಿ ಲಗತ್ತಿಸಿದೆ. ಇದರಲ್ಲಿ ತಪ್ಪಿದೆ ಎನಿಸಿದರೆ ದಾಖಲೆಯೊಂದಿಗೆ ಬರೆಯಿರಿ.’

‘ಮೋಸ’, ‘ನಕಲಿ’ ಎರಡೂ ಹೋದವು. ಅವನೇ ಒಪ್ಪಿಕೊಂಡಿದ್ದಾನಲ್ಲ, ಬರೆದರೇನು ಎಂದು ಮ್ಯಾನೇಜರ್ ಕೇಳಿದರಂತೆ. ಆಫರ್ ವಾಪಸ್ ಪಡೆಯಲು ಅವಧಿಯ ವ್ಯತ್ಯಾಸವೇ ಸಾಕು. ಅಪರಾಧ ಹೊರಿಸುವ ಮಾತು ಲಿಖಿತದಲ್ಲಿ ಹೋಗಿ ಬೇರೆಯವರ ಕೈಗೂ ಸಿಕ್ಕರೆ ಮಾನನಷ್ಟದ ತಕರಾರಿಗೆ ದಾರಿಯಾಗಬಹುದು. ‘ಬಿಸಿನೆಸ್ ಕಾರಣಗಳಿಂದ’ ಎಂಬ ಹುಸಿ ನೆಪವನ್ನೂ ನಾನು ಬೇಡ ಅಂದೆ. ಕಾರಣ ಗೊತ್ತಾಗದಿದ್ದರೆ ಅದೇ ಪತ್ರ ಹಿಡಿದು ಅವನು ಮುಂದಿನ ಕಂಪನಿಗೂ ಹೋಗುತ್ತಾನೆ, ಅಲ್ವಾ?

ಮೇಲ್ ಕಳಿಸುವ ಮುಂಚೆ ಫೋನ್ ಮಾಡಬೇಕು, ಅದೂ ಬೆಳಿಗ್ಗೆ. ಶುಕ್ರವಾರ ಸಂಜೆ ಆರಕ್ಕೆ ಮೇಲ್ ಹಾಕಿ ಲ್ಯಾಪ್‌ಟಾಪ್ ಮುಚ್ಚುವ ಅಭ್ಯಾಸ ಎಚ್‌ಆರ್‌ನವರಲ್ಲಿದೆ. ನನಗೆ ಅದು ಹೇಡಿತನ ಅನಿಸುತ್ತದೆ. ಕಿರಣ್‌ಗೆ ಇನ್ನೂ ಎಂಟು ಕೆಲಸದ ದಿನ ಉಳಿದಿತ್ತು. ರಾಜೀನಾಮೆ ವಾಪಸ್ ಪಡೆಯಲು ಕೇಳಬಹುದಾದ ಸಮಯ. ಅದನ್ನು ಬಾಯಿಬಿಟ್ಟು ಹೇಳಿ ಎಂದೆ. ಅವನ ಕಂಪನಿ ಒಪ್ಪಿತೋ ಇಲ್ಲವೋ ಸುಮಾಗೆ ತಿಳಿಯಲಿಲ್ಲ. ಅವರು ವಿಚಾರಿಸಲೂ ಇಲ್ಲ, ಅದೇ ಸರಿ.

ವಾಟ್ಸಾಪ್ ಗುಂಪಿನಲ್ಲಿ ಹರಿದಾಡುತ್ತಿದ್ದ ಅವನ ಆಧಾರ್, ಪಿಎಫ್ ಸ್ಕ್ರೀನ್‌ಶಾಟ್‌ಗಳನ್ನು ಅಳಿಸಿ, ಬೇಕಾದಷ್ಟನ್ನು ಮಾತ್ರ ಎಚ್‌ಆರ್ ಫೈಲ್‌ನಲ್ಲಿ ಇಡಲು ಹೇಳಿದೆ. ಬೇರೆ ಕಂಪನಿಯವರು ಕೇಳಿದರೆ ‘ನಮ್ಮಲ್ಲಿ ಸೇರಲಿಲ್ಲ’ ಎಂಬಷ್ಟೇ ಉತ್ತರ.

ಸುಮಾ ಈಗ ಅವರ ಕಂಪನಿಯಲ್ಲಿ ಒಂದು ಬದಲಾವಣೆ ಮಾಡಿಸಿದ್ದಾರೆ. ಅಭ್ಯರ್ಥಿಯ ಈಗಿನ ಕಂಪನಿಯೊಂದನ್ನು ಹೊರತುಪಡಿಸಿ, ಅದಕ್ಕಿಂತ ಹಿಂದಿನ ಕೆಲಸಗಳ ಪರಿಶೀಲನೆಯನ್ನು ಅವರು ರಾಜೀನಾಮೆ ಕೊಡುವ ಮೊದಲೇ ಮುಗಿಸುತ್ತಾರೆ. ಈಗಿನ ಕಂಪನಿಗೆ ಮುಂಚೆಯೇ ಫೋನ್ ಹೋದರೆ ಅಭ್ಯರ್ಥಿ ಬೇರೆ ಕೆಲಸ ಹುಡುಕುತ್ತಿರುವುದು ಬಯಲಾಗುತ್ತದೆ, ಅದಕ್ಕೇ ಆ ಒಂದನ್ನು ಸೇರಿದ ಮೇಲೆ ಮಾಡುತ್ತಾರೆ.