ಸೀಸನ್ ಕೆಲಸಕ್ಕೂ ಗ್ರಾಚ್ಯುಟಿ ಇದೆ

“ಸಕ್ಕರೆ ಕಾರ್ಖಾನೆಯಲ್ಲಿ ಎಂಟು ಸೀಸನ್ ದುಡಿದು ಬಿಟ್ಟೆ. ವರ್ಷಪೂರ್ತಿ ಕೆಲಸ ಮಾಡಿಲ್ಲ, ಗ್ರಾಚ್ಯುಟಿ ಬರಲ್ಲ ಅಂತಾರೆ. ನಿಜವಾ?”

ಕಾಯಂ ನೌಕರರು ವರ್ಷಕ್ಕೆ 240 ದಿನ ದುಡಿದಿರಬೇಕೆಂಬ ಲೆಕ್ಕವನ್ನೇ ನಿಮಗೂ ಹಾಕಿರಬೇಕು. ಸೀಸನ್ ಕಾರ್ಖಾನೆಗೆ ಅದು ಅನ್ವಯಿಸಲ್ಲ. ಕಾರ್ಖಾನೆ ನಡೆದ ದಿನಗಳಲ್ಲಿ ಶೇ. 75ರಷ್ಟು ಕೆಲಸ ಮಾಡಿದ್ದರೆ ಸಾಕು, ಆ ವರ್ಷ ಸೇವೆಗೆ ಸೇರುತ್ತದೆ. ಕಬ್ಬು ಅರೆಯುವುದು 160 ದಿನ ನಡೆದಿದ್ದರೆ 120 ಹಾಜರಿ. ಹೀಗೆ ಐದು ವರ್ಷ ಆಗಿರಬೇಕು.

ಮೊದಲು ಸಂಬಳದ ಚೀಟಿ ನೋಡಿ ಹಾಜರಿ ಎಣಿಸಿ. ಆಮೇಲೆ ಸೀಸನ್‌ಗೆ ಏಳು ದಿನದ ಕೂಲಿಯಂತೆ ಲೆಕ್ಕ ಹಾಕಿ. ಮೂಲ ವೇತನ, ಡಿಎ ಸೇರಿ ದಿನಕ್ಕೆ 600 ರೂಪಾಯಿ ಇದ್ದರೆ 7 × 600 × 8 = 33,600. ಅರ್ಜಿ ಕೊಟ್ಟು, ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ, ಇದನ್ನು ಮಾತ್ರ ಬಿಡಬೇಡಿ. ಚೀಟಿಯಲ್ಲಿ ಗುತ್ತಿಗೆದಾರನ ಹೆಸರಿದ್ದರೆ ಕೊಡಬೇಕಾದವರು ಯಾರು ಅಂತ ಕಾಗದ ನೋಡದೆ ಹೇಳಲಾಗದು. 30 ದಿನದಲ್ಲಿ ಹಣ ಬರದಿದ್ದರೆ ಕಾರ್ಮಿಕ ಇಲಾಖೆ ಕಚೇರಿಯಲ್ಲಿ ಗ್ರಾಚ್ಯುಟಿ ಅರ್ಜಿ ಹಾಕಿ.